ಪಾಸ್‌ಬುಕ್ಕಿನ ಕೊನೆಯ ಸಾಲಲ್ಲ, ಮೊದಲ ಸಾಲು

ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಬ್ಯಾಂಕಿನಲ್ಲಿ ಕೌಂಟರ್ ಕೆಲಸ ನನ್ನದು. ಜೂನ್ ಬಂತೆಂದರೆ ಕಾಲೇಜಿಗೆ ಸೇರಿದ ಮಕ್ಕಳು ಖಾತೆ ತೆರೆಯಲು ಸಾಲಾಗಿ ಬರುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕ್ ಹಾಕಿದ ಮಿತಿಯೊಳಗೆ ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ನಾವು ಫಾರಂ ತುಂಬಿಸಿ, ಸಹಿ ಹಾಕಿಸಿ, ಪಾಸ್‌ಬುಕ್ ಮತ್ತು ಕಾರ್ಡ್ ಕೈಗೆ ಕೊಡುತ್ತೇವೆ. ಅದನ್ನು ಓದೋದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಾನೂ ಬಹಳ ವರ್ಷ ಹೇಳಿರಲಿಲ್ಲ.

2025ರ ಜುಲೈ 31ರಂದು ನಿಟ್ಟುವಳ್ಳಿಯ ಒಬ್ಬ ಹುಡುಗ ಅಪ್ಪನ ಜೊತೆ ಬಂದ. ಹದಿನಾರು ವರ್ಷ, ಮೊದಲನೇ ಪಿಯುಸಿ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ ಮಾಡುವವರು, ಕೆಲಸ ಬಿಟ್ಟು ಬಂದಿದ್ದರು. "ಮೇಡಂ, ಎಟಿಎಂನಾಗೆ ಸಾವಿರ ರೂಪಾಯಿ ಹೋಗೈತೆ. ದುಡ್ಡು ಬರಲಿಲ್ಲ, ಮೆಸೇಜ್ ಬಂತು" ಅಂತ ಅಪ್ಪ ಫೋನ್ ಮುಂದಿಟ್ಟರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಮನೆಯಲ್ಲಿ ಬೈಸಿಕೊಂಡು ಬಂದಿದ್ದಾನೆ ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಫೋನಿನಲ್ಲಿದ್ದ ಮೆಸೇಜ್ ಇದು:

```
A/c XX4821 debited Rs.1000.00 on 19-07-25
ATM WDL. Avl Bal Rs.1500.00
```

ಸಿಸ್ಟಮ್‌ನಲ್ಲಿ ಖಾತೆ ತೆರೆದ ಕೂಡಲೇ ನನಗೆ ಉತ್ತರ ಕಂಡಿತು. ಸಾವಿರ ರೂಪಾಯಿ ಜುಲೈ 21ಕ್ಕೇ ವಾಪಸ್ ಬಂದಿತ್ತು. ಮೊದಲಾಗಿದ್ದರೆ "ದುಡ್ಡು ಬಂದಿದೆ, ಎಲ್ಲಾ ಸರಿ ಇದೆ, ಹೋಗಿ" ಅಂತ ಮುಂದಿನವರನ್ನು ಕರೆದುಬಿಡುತ್ತಿದ್ದೆ. ಹಾಗೆ ಕಳಿಸಿದವರು ಮುಂದಿನ ತಿಂಗಳು ಅದೇ ಭಯ ಹೊತ್ತುಕೊಂಡು ವಾಪಸ್ ಬರುತ್ತಿದ್ದರು. ಅವತ್ತು ಪಾಸ್‌ಬುಕ್ ಪ್ರಿಂಟ್ ಮಾಡಿ, ಒಂದು ಪೆನ್ಸಿಲ್ ಜೊತೆ ಹುಡುಗನ ಕೈಗೆ ಕೊಟ್ಟೆ. ಅಪ್ಪನ ಕೈಗಲ್ಲ, ಯಾಕೆಂದರೆ ಖಾತೆ ಹುಡುಗನದು.

```
01-07  BAL B/F                      3500.00
05-07  ATM WDL     300.00           3200.00
09-07  ATM WDL     200.00           3000.00
14-07  ATM WDL     500.00           2500.00
19-07  ATM WDL    1000.00           1500.00
21-07  ATM REV             1000.00  2500.00
24-07  ATM WDL     500.00           2000.00
24-07  ATM CHGS     27.14           1972.86
29-07  POS PUR     350.00           1622.86
```

ಹುಡುಗನ ಕಣ್ಣು ನೇರ ಕೊನೆಯ ಸಾಲಿಗೆ ಹೋಯಿತು. ಎಲ್ಲರೂ ಹಾಗೇ ಮಾಡುತ್ತಾರೆ. ಕೊನೆಯ ಅಂಕಿ ನೋಡಿ, ಕಮ್ಮಿ ಇದೆ ಅನ್ನಿಸಿದರೆ ಗಾಬರಿ, ಜಾಸ್ತಿ ಇದೆ ಅನ್ನಿಸಿದರೆ ಖುಷಿ. "ಅದನ್ನ ಕೈಯಿಂದ ಮುಚ್ಚು, ತಮ್ಮ. ಮೇಲಿಂದ ಬಾ" ಅಂದೆ.

ಪಾಸ್‌ಬುಕ್ಕಿನಲ್ಲಿ ಲೆಕ್ಕ ಒಂದೇ. ಹಿಂದಿನ ಸಾಲಿನ ಶಿಲ್ಕಿನಲ್ಲಿ ಈ ಸಾಲಿನಲ್ಲಿ ತೆಗೆದದ್ದನ್ನು ಕಳೆಯಬೇಕು, ಜಮಾ ಆಗಿದ್ದರೆ ಕೂಡಬೇಕು. ಬಂದ ಉತ್ತರ ಈ ಸಾಲಿನ ಶಿಲ್ಕು. `BAL B/F` ಅಂದರೆ ಹಿಂದಿನ ಪುಟದಿಂದ ತಂದ ಶಿಲ್ಕು. 3,500ರಲ್ಲಿ 300 ಹೋದರೆ 3,200, ಸರಿ. ಅದರಲ್ಲಿ 200 ಹೋದರೆ 3,000, ಸರಿ. ಪ್ರತಿ ಸಾಲಿನ ಪಕ್ಕ ಅವನೇ ಒಂದು ಗೀಟು ಹಾಕುತ್ತಾ ಬಂದ. ಹೀಗೆ ಓದಿದರೆ ಒಂದು ಅನುಕೂಲ ಇದೆ. ತಕರಾರು ಇದ್ದರೆ ಯಾವ ಸಾಲಿನಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. "ದುಡ್ಡು ಕಮ್ಮಿ ಆಗಿದೆ" ಅಂತ ಬರುವವರಿಗಿಂತ "24ನೇ ತಾರೀಖಿನ ಈ ಸಾಲು ನನಗೆ ಗೊತ್ತಿಲ್ಲ" ಅನ್ನುವವರ ಕೆಲಸ ಕೌಂಟರಿನಲ್ಲಿ ಬೇಗ ಮುಗಿಯುತ್ತದೆ.

ಅವನು 19ನೇ ತಾರೀಖಿಗೆ ಬಂದು ನಿಂತ. "ಇದೇ ಮೇಡಂ ಹೋಗಿದ್ದು." ಮುಂದಿನ ಸಾಲು ನೋಡು ಅಂದೆ. 21ನೇ ತಾರೀಖು, `ATM REV`, ಸಾವಿರ, ಆದರೆ ಈ ಸಲ ಜಮಾ ಕಡೆಯ ಕಾಲಂನಲ್ಲಿ. ಶಿಲ್ಕು ಮತ್ತೆ 2,500. ಹುಡುಗ ಅಪ್ಪನ ಕಡೆ ತಿರುಗಿ "ಬಂದೈತಪ್ಪಾ" ಅಂದ.

ಹಾಗಾದರೆ ಮೆಸೇಜ್ ಸುಳ್ಳು ಹೇಳಿತಾ? ಇಲ್ಲ. 19ನೇ ತಾರೀಖಿನ ಆ ನಿಮಿಷಕ್ಕೆ ಖಾತೆಯಿಂದ ಸಾವಿರ ಕಳೆದಿತ್ತು, 1,500 ಉಳಿದಿತ್ತು. ಮೆಸೇಜ್ ಹೇಳೋದು ಅಷ್ಟೇ, ಆ ಒಂದು ಗಳಿಗೆಯ ಸುದ್ದಿ. ವಾಪಸ್ ಬಂದಾಗ ಇನ್ನೊಂದು ಮೆಸೇಜ್ ಹೋಗಿತ್ತು. ಖಾತೆಗೆ ಕೊಟ್ಟಿದ್ದು ಅಪ್ಪನ ನಂಬರ್, ಅವರು ಅದನ್ನು ನೋಡಿರಲಿಲ್ಲ. ಸಿಗ್ನಲ್ ಇಲ್ಲದಿದ್ದಾಗ ಎರಡು ಮೆಸೇಜು ಹಿಂದುಮುಂದಾಗಿ ಬರುವುದೂ ಉಂಟು. ಆಗ ಕೊನೆಗೆ ಬಂದ ಮೆಸೇಜಿನ `Avl Bal` ಈಗಿನ ಬ್ಯಾಲೆನ್ಸ್ ಆಗಿರುವುದಿಲ್ಲ. ಇನ್ನೊಂದು ಮಾತು. `Avl Bal` ಅಂದರೆ ನೀನು ಈಗ ತೆಗೆಯಬಹುದಾದ ಹಣ. ಯಾವುದೋ ಕಾರಣಕ್ಕೆ ಒಂದಿಷ್ಟು ಮೊತ್ತವನ್ನು ಬ್ಯಾಂಕ್ ತಡೆಹಿಡಿದಿದ್ದರೆ ಅದು ಪಾಸ್‌ಬುಕ್ಕಿನ ಶಿಲ್ಕಿಗಿಂತ ಕಮ್ಮಿ ತೋರಿಸುತ್ತದೆ.

ಎಟಿಎಂನಲ್ಲಿ ನೋಟು ಬರದೆ ಖಾತೆಯಿಂದ ಕಳೆದರೆ ಬ್ಯಾಂಕಿಗೆ ಐದು ದಿನದ ಗಡುವಿದೆ. ಇದು ರಿಸರ್ವ್ ಬ್ಯಾಂಕಿನ 2019ರ ನಿಯಮ. ಕಳೆದ ದಿನ 19 ಆದ್ದರಿಂದ 24ರೊಳಗೆ ತಾನಾಗೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕು. ಇವನ ಸಾವಿರ 28ನೇ ತಾರೀಖಿಗೆ ಬಂದಿದ್ದರೆ, ನಾಲ್ಕು ದಿನಕ್ಕೆ ನಾನೂರು ರೂಪಾಯಿಯ ಇನ್ನೊಂದು ಜಮಾ ಸಾಲು ಅಲ್ಲೇ ಇರಬೇಕಿತ್ತು. ನೋಟು ಬರದಿದ್ದಾಗ ಮಷೀನ್ ಕೊಡುವ ಚೀಟಿಯನ್ನು ಎಸೆಯಬೇಡ ಅಂತಲೂ ಹೇಳಿದೆ. ಯಾವ ಮಷೀನ್, ಎಷ್ಟು ಗಂಟೆಗೆ ಅನ್ನೋದು ಅದರಲ್ಲೇ ಇರುತ್ತದೆ.

ಇಷ್ಟಕ್ಕೆ ಅಪ್ಪ ಎದ್ದರು. ಹುಡುಗ ಏಳಲಿಲ್ಲ. ಪೆನ್ಸಿಲ್ ಹಿಡಿದು ಇನ್ನೂ ಕೆಳಗೆ ಇಳಿಯುತ್ತಿದ್ದ. "ಮೇಡಂ, ಇದು ಯಾವುದು 27.14? ಇದನ್ನ ನಾನು ತೆಗೆದಿಲ್ಲ."

ಆ ಪ್ರಶ್ನೆ ಕೇಳಿ ನನಗೆ ನಿಜವಾಗಲೂ ಸಂತೋಷ ಆಯಿತು. ಸಾವಿರ ರೂಪಾಯಿಯನ್ನು ಹುಡುಕಿಕೊಂಡು ಬಂದವನು ಇಪ್ಪತ್ತೇಳು ರೂಪಾಯಿ ಹದಿನಾಲ್ಕು ಪೈಸೆಯನ್ನು ತಾನೇ ಕಂಡುಹಿಡಿದಿದ್ದ. ಅಂಕಿ ಬಿಡಿಸಿ ಹೇಳಿದೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ನಮ್ಮಂಥ ಊರುಗಳಲ್ಲಿ ತಿಂಗಳಿಗೆ ಐದು ಸಲ ಉಚಿತ. ಬೆಂಗಳೂರಿನಂಥ ಮಹಾನಗರಗಳಲ್ಲಿ ಮೂರೇ ಸಲ. ಅದು ಮೀರಿದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿಯವರೆಗೆ ಹಾಕಬಹುದು, ಮೇಲೆ ಜಿಎಸ್‌ಟಿ. 23ಕ್ಕೆ ನೂರಕ್ಕೆ ಹದಿನೆಂಟರಂತೆ 4.14, ಒಟ್ಟು 27.14.

"ನಾನು ಐದು ಸಲ ತೆಗೆದೇ ಇಲ್ವಲ್ಲ?" ಅಂತ ಅವನು ಬೆರಳು ಮಡಚಿದ. 5, 9, 14, 24. ನಾಲ್ಕೇ. ಕೆಟ್ಟುಹೋದ 19ನೇ ತಾರೀಖಿನದು ಲೆಕ್ಕಕ್ಕೆ ಬರುವುದಿಲ್ಲ. ಮಷೀನಿನ ತಪ್ಪಿನಿಂದ ಆಗದೇ ಹೋದದ್ದನ್ನು ಉಚಿತದ ಎಣಿಕೆಯಲ್ಲಿ ಕಳೆಯುವ ಹಾಗಿಲ್ಲ. ಅವನ ಪ್ರಶ್ನೆ ನ್ಯಾಯವಾಗೇ ಇತ್ತು. ಬ್ಯಾಲೆನ್ಸ್ ಏನಾದರೂ ನೋಡಿದ್ಯಾ ಅಂತ ಕೇಳಿದೆ. ನೋಡಿದ್ದ. ಕಾರ್ಡ್ ಹೊಸದು, ಕಾಲೇಜು ಬಿಟ್ಟ ಮೇಲೆ ಗೆಳೆಯರ ಜೊತೆ ಹೋಗಿ ಎರಡು ಸಲ ಸುಮ್ನೆ ಬ್ಯಾಲೆನ್ಸ್ ನೋಡಿದ್ದ.

ಬೇರೆ ಬ್ಯಾಂಕಿನ ಮಷೀನಿನಲ್ಲಿ ಬ್ಯಾಲೆನ್ಸ್ ನೋಡಿದರೂ ಉಚಿತದ ಐದರಲ್ಲಿ ಒಂದು ಹೋಗುತ್ತದೆ. ಆದರೆ ದುಡ್ಡು ಓಡಾಡದ ಕಾರಣ ಪಾಸ್‌ಬುಕ್ಕಿನಲ್ಲಿ ಅದಕ್ಕೆ ಸಾಲು ಬೀಳುವುದಿಲ್ಲ. ಮೂರು ಸಲ ತೆಗೆದದ್ದು, ಎರಡು ಸಲ ನೋಡಿದ್ದು, ಅಲ್ಲಿಗೆ ಐದು. 24ರದ್ದು ಆರನೆಯದು. ಪಾಸ್‌ಬುಕ್ ಒಂದನ್ನೇ ನೋಡಿದವರಿಗೆ ಈ ಕಡಿತ ಅನ್ಯಾಯ ಅನ್ನಿಸುವುದು ಸಹಜ. ಇದನ್ನು ಖಾತೆ ತೆರೆಯುವ ದಿನವೇ ಹೇಳಬೇಕು, ಈಗ ನಾನು ಹೇಳುತ್ತೇನೆ. ಬ್ಯಾಲೆನ್ಸ್ ನೋಡೋದಕ್ಕೆ ಎಟಿಎಂ ಬೇಕಾಗಿಲ್ಲ. ಖಾತೆಗೆ ಕೊಟ್ಟ ನಂಬರಿನಿಂದ ಬ್ಯಾಂಕಿನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜ್ ಬರುತ್ತದೆ.

ಕೊನೆಯ ಸಾಲು ಅಶೋಕ ರಸ್ತೆಯ ಅಂಗಡಿಯಲ್ಲಿ ಕಾರ್ಡ್ ಉಜ್ಜಿ ಪುಸ್ತಕ ಕೊಂಡಿದ್ದು. ಅದಕ್ಕೂ ಗೀಟು ಬಿತ್ತು. ಅಪ್ಪನ ಒಪ್ಪಿಗೆಯ ಮೇಲೆ ಹುಡುಗನ ನಂಬರನ್ನೇ ಖಾತೆಗೆ ಹಾಕಲು ಫಾರಂ ತುಂಬಿಸಿದೆ. ಖಾತೆ ನಡೆಸುವವನ ಕೈಯಲ್ಲಿ ಮೆಸೇಜ್ ಇಲ್ಲದಿದ್ದರೆ ಅದು ಬಂದೂ ಪ್ರಯೋಜನವಿಲ್ಲ. ತಾನು ಮಾಡದ ಕಡಿತದ ಮೆಸೇಜ್ ಬಂದರೆ ಮೊದಲು ಕಾರ್ಡಿನ ಹಿಂಬದಿಯ ನಂಬರಿಗೆ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸು, ದೂರಿನ ನಂಬರ್ ಬರೆದುಕೋ, ಮೋಸ ಅನ್ನಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಹೇಳು, ನನ್ನ ಹತ್ತಿರ ಬರೋದು ಆಮೇಲೆ ಅಂತ ಹೇಳಿ ಕಳಿಸಿದೆ.

ಆಗಸ್ಟ್ ಮಧ್ಯದಲ್ಲಿ ಅವನೊಬ್ಬನೇ ಬಂದ. ಫೋನಿನಲ್ಲಿ ಐದು ಸಾವಿರ ಜಮಾ ಆಗಿದೆ ಅನ್ನುವ ಮೆಸೇಜ್. ಅದರ ಹಿಂದೆಯೇ ಒಬ್ಬರ ಫೋನ್. ಮಗಳ ಫೀಸಿನ ದುಡ್ಡು ತಪ್ಪಿ ನಿಮ್ಮ ಖಾತೆಗೆ ಬಂದಿದೆ, ದಯವಿಟ್ಟು ವಾಪಸ್ ಹಾಕಿ ಅಂತ ಅಳುತ್ತಾ ಕೇಳಿದ್ದರಂತೆ. "ಏನು ಮಾಡಿದೆ?" ಅಂದೆ.

"ಮಿಸ್ಡ್ ಕಾಲ್ ಕೊಟ್ಟೆ ಮೇಡಂ. 1,622.86 ಅಂತ ಬಂತು. ಹೋದ ಸಲದ ಕೊನೇ ಸಾಲು ಅಷ್ಟೇ ಇತ್ತು."

ಮೆಸೇಜನ್ನು ಇಬ್ಬರೂ ಸೇರಿ ಇನ್ನೊಮ್ಮೆ ನೋಡಿದೆವು. ಬ್ಯಾಂಕಿನ ಹೆಸರಿನ ಗುರುತಿಂದ ಬಂದಿರಲಿಲ್ಲ, ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ ಬಂದಿತ್ತು. ಖಾತೆಯ ಕೊನೆಯ ನಾಲ್ಕು ಅಂಕಿ ಇರಲಿಲ್ಲ. ಜಮಾ ಆದ ಮೇಲೆ ಬ್ಯಾಲೆನ್ಸ್ ಎಷ್ಟು ಅಂತಲೂ ಇರಲಿಲ್ಲ. ನಿಜವಾಗಿ ಯಾರದೋ ಹಣ ತಪ್ಪಿ ಬಂದಿದ್ದರೂ ಫೋನ್ ಮಾಡಿದವರಿಗೆ ನೀನಾಗಿ ಹಾಕಬೇಡ, ಶಾಖೆಗೆ ತಿಳಿಸು, ಬ್ಯಾಂಕಿನ ಮೂಲಕವೇ ವಾಪಸ್ ಹೋಗಲಿ ಅಂದೆ. ಅವನು ತಲೆಯಾಡಿಸಿ ಪಾಸ್‌ಬುಕ್ ಮುಂದಿಟ್ಟ, ಪ್ರಿಂಟ್ ಮಾಡಿಕೊಡಿ ಅಂತ. ಹೊಸ ಸಾಲು ಒಂದೂ ಇರಲಿಲ್ಲ. 1622.86ರ ಪಕ್ಕದಲ್ಲಿ ಅವನ ಪೆನ್ಸಿಲ್ ಗೀಟು ಹಾಗೇ ಇತ್ತು.