ತಿಂಡಿ ಆಯ್ತಾ ಸಾರ್ ಅನ್ನಬಹುದಾ?

"ಅಣ್ಣಾ, ಬೆಳಿಗ್ಗೆ ಸಾರ್ ಗೇಟ್ ಹತ್ರ ಸಿಕ್ಕಾಗ ತಿಂಡಿ ಆಯ್ತಾ ಅಂತ ಕೇಳಿದ್ರೆ ತಪ್ಪಾಗುತ್ತಾ? ಮೀಟಿಂಗ್‌ನಲ್ಲಿ ಬೇರೆ ತರ ಮಾತಾಡ್ಬೇಕಾ? ಎಷ್ಟು ಸಲುಗೆ ತಗೋಬಹುದು ಅಂತ ಗೊತ್ತಾಗೋದು ಹೆಂಗೆ?"

ಧಾರಾಳವಾಗಿ ಕೇಳಿ. ಕೊನೆಯ "ಸಾರ್" ಒಂದನ್ನು ಮಾತ್ರ ಬಿಡಬೇಡಿ.

ನಾನು ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘದಲ್ಲಿ ಹದಿನೇಳು ವರ್ಷದಿಂದ ಗುಮಾಸ್ತ. ಹೊಸದಾಗಿ ಸೇರುವ ಹುಡುಗ ಹುಡುಗಿಯರು ಲೆಡ್ಜರ್ ಬಗ್ಗೆ ಕೇಳುವುದಕ್ಕಿಂತ ಜಾಸ್ತಿ ಇದನ್ನೇ ಕೇಳುತ್ತಾರೆ.

"ತಿಂಡಿ ಆಯ್ತಾ" ಅನ್ನುವ ಮಾತನ್ನು ಸ್ವಲ್ಪ ಗಮನಿಸಿ. "ತಿಂದ್ಯಾ" ಅಂದರೆ ಎದುರಿನವರು "ನೀನು". "ತಿಂದ್ರಾ" ಅಂದರೆ "ನೀವು". "ಆಯ್ತಾ" ಅಂದಾಗ ಆದದ್ದು ತಿಂಡಿ, ತಿಂದವರು ಯಾರು ಅನ್ನುವುದು ಮಾತಿನಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಪಕ್ಕದ ಮನೆಯ ಮಗುವಿಗೂ ಇದೇ ಮಾತು, ಅಧ್ಯಕ್ಷರಿಗೂ ಇದೇ ಮಾತು. ನೀನು ಅನ್ನಲೋ ನೀವು ಅನ್ನಲೋ ಎಂಬ ಸಂಕಟವೇ ಇಲ್ಲ. ಆದರೆ ಅದೇ ಕಾರಣಕ್ಕೆ ಅದರಲ್ಲಿ ಗೌರವವೂ ಇಲ್ಲ, ಅಗೌರವವೂ ಇಲ್ಲ. ಗೌರವವನ್ನು ನಾವೇ ಹೊರಗಿನಿಂದ ಅಂಟಿಸಬೇಕು. ಅದು ಆ "ಸಾರ್". ಬಿಟ್ಟರೆ ಬರೀ ಮಾತು ಉಳಿಯುತ್ತದೆ, ಮೇಲಿನವರಿಗೆ ಬೋಳಾಗಿ ಕೇಳಿಸುತ್ತದೆ.

ಈ ಪ್ರಶ್ನೆಗೆ ಹೊತ್ತೂ ಗೊತ್ತೂ ಇದೆ. ನಮ್ಮಲ್ಲಿ ಆಫೀಸ್ ತೆರೆಯುವ ಹತ್ತು ಗಂಟೆಯ ಆಚೀಚೆ "ತಿಂಡಿ ಆಯ್ತಾ". ಹನ್ನೊಂದರ ಮೇಲೆ "ಕಾಫಿ ಆಯ್ತಾ". ಅವರು ಫೋನ್ ಕಿವಿಗಿಟ್ಟುಕೊಂಡು ಬರುತ್ತಿದ್ದರೆ ಎರಡೂ ಬೇಡ, ಸುಮ್ನೆ ತಲೆ ಬಾಗಿಸಿ ದಾರಿ ಬಿಡಿ. ಹೊಸಬರಾಗಿದ್ದರೆ ಮೊದಲ ಒಂದೆರಡು ತಿಂಗಳು "ನಮಸ್ಕಾರ ಸಾರ್" ಸಾಕು.

ಮಳೆಗಾಲದಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. "ರಾತ್ರಿ ನಿಮ್ಮ ಕಡೆ ಮಳೆ ಹೆಂಗಿತ್ತು ಸಾರ್? ಕರೆಂಟ್ ಇತ್ತಾ?" ಅಂದರೆ ಯಾರ ಮನೆಯ ಗುಟ್ಟನ್ನೂ ಕೇಳಿದ ಹಾಗಾಗುವುದಿಲ್ಲ. ಆಗುಂಬೆಯಷ್ಟು ಮಳೆ ಇಲ್ಲದಿದ್ದರೂ ಎರಡು ನಿಮಿಷ ಮಾತಾಡುವಷ್ಟು ಮಳೆ ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ.

ಅಡಿಕೆ ತೋಟದ ಮಾತಿಗೆ ಬಂದರೆ ಸ್ವಲ್ಪ ಹುಷಾರು. "ಔಷಧಿ ಹೊಡ್ಸಿ ಆಯ್ತಾ ಸಾರ್", "ಕೊನೆಗೌಡ ಸಿಕ್ಕಿದ್ನಾ ಸಾರ್" ಇವೆಲ್ಲ ಕಷ್ಟ ಹಂಚಿಕೊಳ್ಳುವ ಮಾತು. ಕೊನೆ ಕೊಯ್ಯಲು ಮರ ಹತ್ತುವ ಕೊನೆಗೌಡರು ಸಿಗದ ಕಷ್ಟ ಸಾಹೇಬರಿಗೂ ಒಂದೇ, ಗುಮಾಸ್ತನಿಗೂ ಒಂದೇ. ಆದರೆ "ಈ ಸಲ ಎಷ್ಟು ಕ್ವಿಂಟಾಲ್ ಆಯ್ತು ಸಾರ್" ಅಂದಿರೋ, ಅದು ಅವರ ವರ್ಷದ ಆದಾಯ ಕೇಳಿದ ಹಾಗೆ. ರೇಟು ಪೇಪರಿನಲ್ಲೇ ಬರುತ್ತದಲ್ಲ, ಗುಣಿಸುವುದೊಂದೇ ಬಾಕಿ.

ಇನ್ನು ಸಲುಗೆಯ ವಿಷಯ. ಅದು ನೀವು ಕೇಳುವ ಪ್ರಶ್ನೆಯಲ್ಲಿ ಗೊತ್ತಾಗುವುದಿಲ್ಲ, ಅವರು ಕೊಡುವ ಉತ್ತರದಲ್ಲಿ ಗೊತ್ತಾಗುತ್ತದೆ. "ಹ್ಞೂಂ" ಅಂತ ನಡೆದರೆ ಅಲ್ಲಿಗೆ ಮುಗಿಯಿತು, ಬೆನ್ನು ಹತ್ತಬೇಡಿ. "ಆಯ್ತು, ನಿಮ್ದು?" ಅಂದರೆ ಮರ್ಯಾದೆಯಿಂದ ತಿರುಗಿ ಕೇಳಿದ್ದಾರೆ, ನಾಳೆಯೂ ಕೇಳಬಹುದು. ವಯಸ್ಸಿನಲ್ಲಿ ದೊಡ್ಡವರು ಮೊದಲೆಲ್ಲ "ನಿಮ್ದು" ಅನ್ನುತ್ತಿದ್ದವರು ಒಂದು ದಿನ "ನಿಂದು ಆಯ್ತೇನೋ?" ಅಂದರೆ ಒಳಗೆ ಸೇರಿಸಿಕೊಂಡರು ಅಂತ ಅರ್ಥ. ಎಲ್ಲರಿಗೂ ಮೊದಲ ದಿನದಿಂದಲೇ "ನೀನು" ಅನ್ನುವವರೂ ಇದ್ದಾರೆ, ಅವರ ಲೆಕ್ಕ ಬೇರೆ. ಅವರ "ನೀನು"ಗೆ ಅಂಥ ಬೆಲೆ ಏನಿಲ್ಲ. ಬದಲಾದ ದಿನವನ್ನು ಗಮನಿಸಬೇಕು. ಮತ್ತೆ, ಈ "ನೀನು" ಒಮ್ಮುಖದ ರಸ್ತೆ. ಅವರು ಎಷ್ಟೇ "ಏನೋ" ಅಂದರೂ ನಿಮ್ಮ ಬಾಯಲ್ಲಿ "ನೀವು", "ಸಾರ್" ಹಾಗೇ ಇರಬೇಕು. ಸಲುಗೆ ಕಾಣಿಸಬೇಕಾದದ್ದು ಮಾತಿನ ವಿಷಯದಲ್ಲಿ. ಮಳೆಯಿಂದ ತೋಟಕ್ಕೆ, ತೋಟದಿಂದ ಮಗಳ ಪರೀಕ್ಷೆಗೆ ಮಾತು ಹೋಗಬಹುದು. ಮನೆಯ ವಿಷಯವನ್ನು ಮಾತ್ರ ಅವರೇ ಮೊದಲು ಎತ್ತಬೇಕು.

ಮೇಲಿನವರು ಮೇಡಂ ಆದರೂ ಇದೇ ಲೆಕ್ಕ. ಕೆಲವು ಕಡೆ ಬೆಳಿಗ್ಗೆ "ಅಕ್ಕಾ" ಅನ್ನುವುದು ನಡೆಯುತ್ತದೆ. ಅವರೇ ಹೇಳುವ ತನಕ ಬೇಡ.

ಮೀಟಿಂಗ್‌ನ ಸಂಗತಿ ಎಲ್ಲರೂ ಅಂದುಕೊಂಡ ಹಾಗಿಲ್ಲ. ಅಲ್ಲಿ ಬಾಸ್‌ಗೆ ಜಾಸ್ತಿ ಮರ್ಯಾದೆ ಕೊಡಬೇಕು ಅಂತ ಹುಡುಗರು ತಿಳಿದಿರುತ್ತಾರೆ. ನಮ್ಮ ಸಂಘದ ಆಡಳಿತ ಮಂಡಳಿ ಸಭೆಯನ್ನೇ ತೆಗೆದುಕೊಳ್ಳಿ. ನನ್ನ ಬಾಸ್ ಕಾರ್ಯದರ್ಶಿ. ಆದರೆ ಸಭೆ ನಡೆಸುವವರು ಅಧ್ಯಕ್ಷರು, ಸುತ್ತ ನಿರ್ದೇಶಕರು. ಆ ಕೋಣೆಯಲ್ಲಿ ನನ್ನ ಬಾಸೇ ಉತ್ತರ ಕೊಡುವ ಜಾಗದಲ್ಲಿ ಕೂತಿರುತ್ತಾರೆ. ನಾನು ಹೋಗಿ ಮೊದಲು ಅವರಿಗೆ ಕೈ ಮುಗಿದರೆ ಅವರಿಗೇ ಮುಜುಗರ. "ಅಧ್ಯಕ್ಷರಿಗೆ, ನಿರ್ದೇಶಕರಿಗೆ ನಮಸ್ಕಾರ" ಅಂದು, ಕಾರ್ಯದರ್ಶಿಯವರ ಕಡೆ ಒಂದು ಸಲ ನೋಡಿ ತಲೆ ಬಾಗಿಸಿದರೆ ಸಾಕು. ಬೆಳಿಗ್ಗೆ ಅವರಿಗೆ ಹೇಗೂ ನಮಸ್ಕಾರ ಆಗಿರುತ್ತದೆ.

ಅಲ್ಲಿ "ಸಾರ್" ಕೂಡ ಜಾಗ ಬದಲಿಸುತ್ತದೆ. ಗೇಟಿನ ಹತ್ತಿರ ಅದು ಮಾತಿನ ಬಾಲ, "ಮಳೆ ಹೆಂಗಿತ್ತು ಸಾರ್". ಸಭೆಯಲ್ಲಿ ತಲೆ, "ಸರ್, ಹಿಂದಿನ ತಿಂಗಳ ಲೆಕ್ಕ ಇಲ್ಲಿದೆ". ಬಾಸ್ ಬಗ್ಗೆ ಬೇರೆಯವರ ಹತ್ತಿರ ಹೇಳುವಾಗ ಆ ಸಾರ್ ಕೂಡ ಇಲ್ಲ. "ಸಾರ್ ಹೇಳಿದ್ರು" ಅನ್ನುವ ಬದಲು "ಕಾರ್ಯದರ್ಶಿಯವರು ಹೇಳಿದಂತೆ" ಅನ್ನಬೇಕು. "ಸಾರ್" ಅಂದರೆ ನನ್ನ ಸಾರ್. ಅಧ್ಯಕ್ಷರಿಗೆ ಅವರು ಸಾರ್ ಅಲ್ಲವಲ್ಲ.

ಇದೆಲ್ಲ ನನಗೆ ಪೆಟ್ಟು ತಿಂದು ಗೊತ್ತಾದದ್ದು. ಕೆಲಸಕ್ಕೆ ಸೇರಿ ನಾಲ್ಕನೇ ಮಳೆಗಾಲ. ಆಗಿನ ಕಾರ್ಯದರ್ಶಿ ನನಗೆ "ನಿಂದು ಆಯ್ತೇನೋ" ಅನ್ನಲು ಶುರು ಮಾಡಿ ಆರು ತಿಂಗಳಾಗಿತ್ತು. ಒಂದು ದಿನ ಬೆಳಿಗ್ಗೆ ಛತ್ರಿ ಕೊಡವುತ್ತಾ ಅವರೇ ಹೇಳಿದರು, "ರಾತ್ರಿಯಿಡೀ ಕರೆಂಟ್ ಇಲ್ಲ ಮಾರಾಯ. ಸುಸ್ತಿ ಪಟ್ಟಿ ಅರ್ಧಕ್ಕೇ ನಿಂತಿದೆ." ಸುಸ್ತಿ ಅಂದರೆ ವಾಯಿದೆ ಮೀರಿದ ಸಾಲ. ಅವತ್ತೇ ಹನ್ನೊಂದೂವರೆಗೆ ಸಭೆ. ಮೇಲಿನ ಆಫೀಸಿನಿಂದ ಒಬ್ಬ ಅಧಿಕಾರಿಯೂ ಬಂದಿದ್ದರು. ಅಧ್ಯಕ್ಷರು "ಸುಸ್ತಿ ಪಟ್ಟಿ ಎಲ್ಲಿ?" ಅಂದರು. ಕಾರ್ಯದರ್ಶಿ ಫೈಲ್ ತಿರುವಿದರು. ಅವರಿಗೆ ಸಹಾಯ ಮಾಡುತ್ತಿದ್ದೇನೆ ಅಂತ ನಾನು ಬಾಯಿ ಹಾಕಿದೆ.

"ಸಾರ್ ಮನೇಲಿ ರಾತ್ರಿ ಕರೆಂಟ್ ಇರ್ಲಿಲ್ಲ ಮಾರಾಯ್ರೆ, ಪಾಪ, ಅರ್ಧ ಮಾಡಿದ್ದಾರೆ."

ಒಬ್ಬ ನಿರ್ದೇಶಕರು ನಕ್ಕರು. ಅಧಿಕಾರಿ ನಗಲಿಲ್ಲ. ಕಾರ್ಯದರ್ಶಿಯವರು ತಲೆ ಎತ್ತಲಿಲ್ಲ.

ಆ ಒಂದು ವಾಕ್ಯದಲ್ಲಿ ಎಷ್ಟು ತಪ್ಪಿತ್ತು ಅಂತ ಆಮೇಲೆ ಎಣಿಸಿದ್ದೇನೆ. "ಮಾರಾಯ್ರೆ"ಯಲ್ಲಿ ಬಹುವಚನ ಇದೆ, ನಿಜ. ಆದರೆ ಅದು ಕಟ್ಟೆಯ ಮೇಲಿನ ಬಹುವಚನ, ಸಭೆಯದಲ್ಲ. "ಪಾಪ" ಅನ್ನುವುದನ್ನು ಕೆಳಗಿನವನು ಮೇಲಿನವರ ಬಗ್ಗೆ ನಾಲ್ಕು ಜನರ ಮುಂದೆ ಹೇಳುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. ಛತ್ರಿ ಕೊಡವುತ್ತಾ ನನ್ನೊಬ್ಬನಿಗೆ ಹೇಳಿದ ಮಾತನ್ನು ನಾನು ಮೇಜಿನ ಮೇಲೆ ಇಟ್ಟೆ. ಅವರು ಆ ಕೆಲಸವನ್ನು ಮನೆಗೆ ಒಯ್ದಿದ್ದು, ಕೊನೆಯ ರಾತ್ರಿಗೆ ಉಳಿಸಿಕೊಂಡಿದ್ದು ಎಲ್ಲವೂ ಬಯಲಾಯಿತು.

ಈಗ ಅಂಥ ಪ್ರಸಂಗ ಬಂದರೆ ಮೊದಲು ಕಾರ್ಯದರ್ಶಿಯವರ ಮುಖ ನೋಡುತ್ತೇನೆ. ಅವರು ಕಣ್ಣಲ್ಲೇ ಹ್ಞೂಂ ಅಂದರೆ ಮಾತ್ರ ಎದ್ದು, "ಅಧ್ಯಕ್ಷರೇ, ಪಟ್ಟಿ ತಯಾರಾಗುತ್ತಿದೆ. ಮಧ್ಯಾಹ್ನ ಮೂರರೊಳಗೆ ಕೊಡುತ್ತೇವೆ" ಅನ್ನುತ್ತೇನೆ. "ಕೊಡುತ್ತಾರೆ" ಅಂದರೆ ತಪ್ಪು ಅವರೊಬ್ಬರ ಮೇಲೆ ಕೂರುತ್ತದೆ. "ಕೊಡುತ್ತೇವೆ" ಅಂದರೆ ಇಬ್ಬರ ಹೆಗಲಿಗೂ ಬರುತ್ತದೆ. ಸಭೆಯಲ್ಲಿ ಬಾಸ್ ಹತ್ತಿರ ನಮಗಿರುವ ಸಲುಗೆಯನ್ನು ತೋರಿಸಲು ಇರುವುದು ಅಷ್ಟೇ ಜಾಗ, ಅದೂ ಬೇರೆಯವರಿಗೆ ಕಾಣದ ಹಾಗೆ.

ಅವತ್ತಿನ ಸಭೆಯ ಮರುದಿನ ಗೇಟಿನ ಹತ್ತಿರ ಎಂದಿನಂತೆ ಕೇಳಿದೆ, "ತಿಂಡಿ ಆಯ್ತಾ ಸಾರ್?"

"ಆಯ್ತು. ನಿಮ್ದು ಆಯ್ತಾ?"

ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ. ನಮ್ಮಲ್ಲಿ ಹತ್ತಿರದವರಿಗೆ ಮರ್ಯಾದೆ ಕೊಟ್ಟರೆ ದೂರ ಇಟ್ಟರು ಅಂತಲೇ ಲೆಕ್ಕ. ಕ್ಷಮೆ ಕೇಳಿದೆ, ಅವರ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಎರಡೇ ಮಾತಲ್ಲಿ. "ಇರ್ಲಿ ಬಿಡಿ" ಅಂದರು. ಆ "ಬಿಡಿ" ಕೂಡ ಬಹುವಚನವೇ. ಆಮೇಲೆ ನಾನು ತಿಂಡಿ, ಮಳೆ ಯಾವುದನ್ನೂ ಕೇಳಲಿಲ್ಲ. ಹೊಸಬನ ಹಾಗೆ "ನಮಸ್ಕಾರ ಸಾರ್" ಅಷ್ಟೇ. ಕಳೆದುಕೊಂಡ ಸಲುಗೆಯನ್ನು ಎಳೆದು ತರಲು ಹೋದರೆ ಇನ್ನೂ ದೂರ ಹೋಗುತ್ತದೆ ಅಂತ ಯಾಕೋ ಅನ್ನಿಸಿತ್ತು.

ಮೂರು ವಾರ ಹಾಗೇ ಹೋಯಿತು. ಒಂದು ದಿನ ಬೈಕ್ ನಿಲ್ಲಿಸಿ, ಮಳೆಕೋಟು ಬಿಚ್ಚಿ ಒದರುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಏನೋ, ಜೀರಿಗೆ ಮೆಣಸಿನ ಸಸಿ ತಂದ್ಕೊಡ್ತೀನಿ ಅಂದಿದ್ಯಲ್ಲ, ಎಲ್ಲಿ?"

ಮರುದಿನವೇ ನಾಲ್ಕು ಸಸಿ ಒಯ್ದು ಕೊಟ್ಟೆ.