ಇವತ್ತು, ನಾಳೆ, ನಾಡಿದ್ದು: ಮೆಣಸಿನಕಾಯಿ ಅಂಗಡಿಯ ಮೂರು ಖಾತೆ

ಬ್ಯಾಡಗಿಯಲ್ಲಿ ನಮ್ಮದು ಅಜ್ಜನ ಕಾಲದ ಮೆಣಸಿನಕಾಯಿ ಅಂಗಡಿ. ಅಪ್ಪ, ಕಾಕಾ, ಅಣ್ಣ, ನಾನು ಸೇರಿ ನಡೆಸುತ್ತೇವೆ. ಕಿರ್ದಿ ಬರೆಯುವ ಕೆಲಸ ನನ್ನದು. 2024ರಲ್ಲಿ ಹಟ ಹಿಡಿದು ಒಂದು ಪ್ರಯೋಗ ಶುರು ಮಾಡಿದ್ದೆ. ಅದರ ಲೆಕ್ಕ ಇಲ್ಲಿ ಬರೆದಿಡುತ್ತಿದ್ದೇನೆ.

ಪ್ರಯೋಗದ ಮೂಲ 1999ರಲ್ಲಿ ಮೆಕಿನ್ಸೆ ಕಂಪನಿಯ ಸಲಹೆಗಾರರು ಮುಂದಿಟ್ಟ ಮೂರು ಕ್ಷಿತಿಜಗಳ ಮಾದರಿ. ಇವತ್ತು ಅನ್ನ ಹಾಕುವ ವ್ಯಾಪಾರ ಮೊದಲನೆಯದು. ಗಿರಾಕಿ ಸಿಕ್ಕಿ ಇನ್ನೂ ಬೆಳೆಯಬೇಕಾದದ್ದು ಎರಡನೆಯದು. ಆಗುತ್ತೋ ಇಲ್ಲವೋ ಗೊತ್ತಿಲ್ಲದ್ದು ಮೂರನೆಯದು. ಮೂರನ್ನೂ ಒಟ್ಟಿಗೇ ನಡೆಸಬೇಕು, ಒಂದು ಮುಗಿದ ಮೇಲೆ ಇನ್ನೊಂದು ಅನ್ನುವಂತಿಲ್ಲ. ಕ್ಷಿತಿಜ ಅಂದಾಗ ಅಪ್ಪ ನಕ್ಕರು. "ಇವತ್ತು, ನಾಳೆ, ನಾಡಿದ್ದು ಅನ್ನು ಸಾಕು" ಅಂದರು. ಅದೇ ಹೆಸರು ಉಳಿಯಿತು.

ಮಾರ್ಚ್ 2024

ಮೊದಲ ಕೆಲಸ, ರೊಕ್ಕ ಎಲ್ಲೆಲ್ಲಿ ಕೂತಿದೆ ಅಂತ ಬರೆಯುವುದು. ತಿಂಗಳ ಕೊನೆಗೆ ನಮ್ಮ ದುಡಿಯುವ ಬಂಡವಾಳ 1 ಕೋಟಿ 20 ಲಕ್ಷ ಇತ್ತು. ರೈತರಿಗೆ ಕೊಟ್ಟ ಮುಂಗಡ 18 ಲಕ್ಷ, ಗಿರಾಕಿಗಳ ಉದ್ರಿ 46 ಲಕ್ಷ, ಅಂಗಡಿಯಲ್ಲಿದ್ದ ಮಾಲು 4 ಲಕ್ಷ. ಉಳಿದ 52 ಲಕ್ಷ ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಚೀಲವಾಗಿ ಮಲಗಿತ್ತು.

"ಎಲ್ಲಾ ಇವತ್ತಿಂದೇ" ಅಂದರು ಕಾಕಾ. ಮೂರು ತಲೆಮಾರಿನಿಂದ ಮಾಡುತ್ತಿರುವುದು ಅದನ್ನೇ ಅಲ್ವಾ.

ಆದರೆ ಚೀಲದ ಪಟ್ಟಿ ತೆಗೆದು ಗಿರಾಕಿಗಳ ಹೆಸರಿಗೆ ಹೊಂದಿಸಿ ನೋಡಿದೆ. ದೀಪಾವಳಿವರೆಗೆ ಕಾಯಂ ಗಿರಾಕಿಗಳು ಕೇಳುವ ಮಾಲು 20 ಲಕ್ಷದ್ದು ಮಾತ್ರ. ಬಾಕಿ 32 ಲಕ್ಷದ ಮಾಲಿಗೆ ಯಾರ ಹೆಸರೂ ಇರಲಿಲ್ಲ. ಅದು "ರೇಟು ಏರುತ್ತೆ" ಅಂತ ಅಪ್ಪ ಇಟ್ಟಿದ್ದ 100 ಕ್ವಿಂಟಲ್ ಕಡ್ಡಿ, ಅಂದರೆ ಬ್ಯಾಡಗಿ ಮೆಣಸಿನಕಾಯಿಯ ಒಂದು ತಳಿ. ಕ್ವಿಂಟಲ್‌ಗೆ 32,000ದಂತೆ ಕೊಂಡದ್ದು.

ಅಲ್ಲಿಗೆ ನನಗೆ ವಿಷಯ ಹೊಳೆಯಿತು. ತೊಟ್ಟು ಬಿಡಿಸಿ ಮಾರೋಣ, 10 ಲಕ್ಷ ಕೊಡಿ ಅಂತ ನಾನು ಕೇಳಿದ್ದಕ್ಕೆ ಮನೆಯಲ್ಲಿ ಮೂರು ದಿನ ಜಗಳವಾಗಿತ್ತು. ಹೊಸದು, ಅಪಾಯ ಅಂತ. ಅದರ ಮೂರು ಪಟ್ಟು ರೊಕ್ಕ ಆಗಲೇ ಪಂದ್ಯಕ್ಕೆ ಬಿದ್ದಿತ್ತು. ಹಳೆಯ ಅಭ್ಯಾಸವಾದ್ದರಿಂದ ಯಾರಿಗೂ ಅದು ಪಂದ್ಯ ಅನ್ನಿಸಿರಲಿಲ್ಲ, ಅಷ್ಟೇ. ಅದೇ ತಿಂಗಳು ರೇಟು ಕುಸಿದು, ಸಿಟ್ಟಿಗೆದ್ದವರು ಮಾರುಕಟ್ಟೆ ಕಚೇರಿಗೇ ಬೆಂಕಿ ಹಚ್ಚಿದ್ದರು. ಆದರೂ ನಮ್ಮ ಮಾಲು ಮಲಗೇ ಇತ್ತು.

ಒಂದು ಪರೀಕ್ಷೆ ಮಾಡಿಕೊಂಡೆ: ಚೀಲಕ್ಕೆ ಕೊಳ್ಳುವವನ ಹೆಸರು ಬರೆಯಲು ಬಂದರೆ ಅದು ಇವತ್ತಿನ ವ್ಯಾಪಾರ. ಬರದಿದ್ದರೆ ಅಲ್ಲ.

ಮೂರು ಕ್ಷಿತಿಜಕ್ಕೆ ಎಪ್ಪತ್ತು, ಇಪ್ಪತ್ತು, ಹತ್ತು ಅಂತ ಶೇಕಡಾ ಹಂಚಿಕೆ ಎಲ್ಲೆಲ್ಲೂ ಹೇಳುತ್ತಾರೆ. ನನಗೆ ಅದು ಉಪಯೋಗಕ್ಕೆ ಬರಲಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಆವಕ ಜೋರು, ಆಗ ನೂರಕ್ಕೆ ನೂರೂ ಖರೀದಿಗೇ ಬೇಕು. ಮಳೆಗಾಲದಲ್ಲಿ ಅರ್ಧ ರೊಕ್ಕ ಖಾಲಿ ಕೂತಿರುತ್ತೆ. ಹಾಗಾಗಿ ಶೇಕಡಾ ಬಿಟ್ಟು ಗಟ್ಟಿ ಮೊತ್ತ ಬರೆದೆವು. ನಾಳೆಗೆ 10 ಲಕ್ಷ, ಅದಕ್ಕೆ ಬೇರೆ ಬ್ಯಾಂಕ್ ಖಾತೆ. ನಾಡಿದ್ದಿಗೆ 2 ಲಕ್ಷ. ಅಪ್ಪನ 32 ಲಕ್ಷಕ್ಕೆ ಬೇರೆ ಪುಟ. ಪಂದ್ಯ ಅಂತ ಬರೆಯಲು ಅವರು ಬಿಡಲಿಲ್ಲ. "ಅಪ್ಪನ ರೇಟು" ಅಂತ ತಲೆಬರಹ ಹಾಕಿದೆ.

ಜೂನ್

ನಾಳೆ ಖಾತೆಯ ಮೊದಲ ಮಾಲು ಹೋಯಿತು. 10 ಕ್ವಿಂಟಲ್ ಕಾಯಿ ತೆಗೆದು ತೊಟ್ಟು ಬಿಡಿಸಿ, ಬಿಳಿಗಾಯಿ ಆರಿಸಿ ಹಾಕಿದಾಗ ಉಳಿದದ್ದು 910 ಕಿಲೋ. ಕಾಯಿಯ ಬೆಲೆಗೆ ಕೂಲಿ, ಲ್ಯಾಬ್, ಚೀಲ, ಲಾರಿ ಸೇರಿಸಿದರೆ ಕಿಲೋಗೆ 370 ರೂಪಾಯಿ ಬಿತ್ತು. ಒಂದು ಮಸಾಲೆ ಕಂಪನಿಗೆ 395ಕ್ಕೆ ಮಾರಿದೆವು. ಒಟ್ಟು 23,000ದ ಹತ್ತಿರ ಉಳಿಯಿತು, ನೂರಕ್ಕೆ ಸುಮಾರು 7. ಕೆಲಸ ಶುರುವಾದಾಗಿನಿಂದ ರೊಕ್ಕ ಕೈಗೆ ಬರುವವರೆಗೆ 60 ದಿನ.

ಅಪ್ಪ ಪೆನ್ನು ತೆಗೆದುಕೊಂಡರು. "ನಾನು ನೂರಕ್ಕ ಎರಡು ಇಟ್ಕೊಂಡು 20 ದಿನಕ್ಕೊಮ್ಮೆ ರೊಕ್ಕ ತಿರಗಸ್ತೀನಿ. 60 ದಿನಕ್ಕ ಆರು ಆತು. ಒಂದು ರೂಪಾಯಿ ಸಲುವಾಗಿ ಇಷ್ಟು ಒದ್ದಾಟ ಯಾಕವ್ವಾ?"

ಲೆಕ್ಕ ಸರಿಯಾಗೇ ಇತ್ತು. ಎರಡು ದಿನ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹಿಂದಿನ ಮೂರು ವರ್ಷದ ಕಿರ್ದಿ ತಿರುವಿದೆ. 20 ದಿನಕ್ಕೊಮ್ಮೆ ರೊಕ್ಕ ತಿರುಗುವುದು ಸೀಸನ್ನಿನಲ್ಲಿ ಮಾತ್ರ. ಜೂನ್‌ನಿಂದ ನವೆಂಬರ್‌ವರೆಗೆ ಒಂದು ಸಲ ತಿರುಗಿದರೆ ಹೆಚ್ಚು. ಮಸಾಲೆ ಕಂಪನಿ ಮಾಲು ಹೆಚ್ಚಾಗಿ ಕೇಳುವುದು ಆ ಆರು ತಿಂಗಳಲ್ಲೇ. ಅಂದರೆ ನಾಳೆ ಖಾತೆ ಇವತ್ತಿನದಕ್ಕಿಂತ ಲಾಭದ್ದು ಅಂತ ಹೇಳಲಾಗದು. ಆದರೆ ಇವತ್ತಿನ ವ್ಯಾಪಾರ ಮಲಗಿದಾಗ ಅದು ಎದ್ದಿರುತ್ತೆ. ಪುಟ ತೋರಿಸಿದಾಗ ಅಪ್ಪ "ಹೂಂ" ಅಂದರು. ನಮ್ಮಲ್ಲಿ ಅದು ಒಪ್ಪಿಗೆ.

ಆಗಸ್ಟ್

ಎರಡನೇ ಮಾಲು ವಾಪಸ್ ಬರುವ ಹಂತಕ್ಕೆ ಹೋಗಿತ್ತು. ಕಾರಣ ಬಣ್ಣ.

ಮೆಣಸಿನಕಾಯಿ ಬಣ್ಣವನ್ನು ಲ್ಯಾಬ್‌ನಲ್ಲಿ ಆಸ್ಟಾ ಅನ್ನುವ ಅಂಕದಲ್ಲಿ ಅಳೆಯುತ್ತಾರೆ. ಬ್ಯಾಡಗಿ ಕಾಯಿಗೆ ಬೆಲೆ ಇರುವುದೇ ಆ ಬಣ್ಣಕ್ಕೆ, ಖಾರಕ್ಕಲ್ಲ. ನಮ್ಮ ರಿಪೋರ್ಟಿನಲ್ಲಿ 148 ಇತ್ತು. ಕಂಪನಿಯವರು ಮತ್ತೆ ಪರೀಕ್ಷೆ ಮಾಡಿಸಿದರೆ 131. ಮೊದಲು ಅವರ ಮೇಲೇ ಸಿಟ್ಟು ಬಂತು. ಆಮೇಲೆ ನಮ್ಮ ಹುಡುಗ ಸ್ಯಾಂಪಲ್ ತೆಗೆಯುವುದನ್ನು ಪಕ್ಕದಲ್ಲಿ ನಿಂತು ನೋಡಿದೆ. ಚೀಲದ ಬಾಯಿ ಬಿಚ್ಚಿದ, ಮೇಲಿದ್ದ ಕಾಯಲ್ಲಿ ಚೆಂದ ಕಂಡದ್ದನ್ನು ಆರಿಸಿದ, ಅಲ್ಲಾಡಿಸಿದ, ಬೀಜ ಗಲಗಲ ಅಂದದ್ದನ್ನು ಮಾತ್ರ ಕವರಿಗೆ ಹಾಕಿದ. ಅವನ ತಪ್ಪಲ್ಲ. ದಲಾಲಿ ಅಂಗಡಿಯಲ್ಲಿ ಸ್ಯಾಂಪಲ್ ಅಂದರೆ ಒಳ್ಳೆಯದನ್ನು ತೋರಿಸುವುದು. ಇಲ್ಲಿ ಬೇಕಾದದ್ದು ಇರುವುದನ್ನು ತೋರಿಸುವ ಸ್ಯಾಂಪಲ್.

ಈಗ ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆಯುತ್ತೇವೆ. ತಾಡಪಾಲಿನ ಮೇಲೆ ಸುರಿದು ಕಲಸಿ ನಾಲ್ಕು ಪಾಲು ಮಾಡುತ್ತೇವೆ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದು ಚೀಲಕ್ಕೆ ವಾಪಸ್. ಅರ್ಧ ಕಿಲೋ ಉಳಿಯುವವರೆಗೆ ಹೀಗೇ. ಮೂರನೇ ಮಾಲಿನಲ್ಲಿ ನಮ್ಮ ಅಂಕಕ್ಕೂ ಅವರ ಅಂಕಕ್ಕೂ 4ರ ವ್ಯತ್ಯಾಸ ಬಂತು. ಅದಾದ ಮೇಲೆ ಅವರು 30 ದಿನಕ್ಕೇ ರೊಕ್ಕ ಕೊಡಲು ಒಪ್ಪಿದರು. ಈ ಖಾತೆಗೆ ನಾನು ಇಟ್ಟಿದ್ದ ಅಳತೆಗೋಲು ಲಾಭವಾಗಿರಲಿಲ್ಲ. ಅದೇ ಗಿರಾಕಿ ತಾನಾಗೇ ಎಷ್ಟು ಸಲ ಮತ್ತೆ ಕೇಳಿದ ಅಂತ ಎಣಿಸುತ್ತಿದ್ದೆ. ಅಲ್ಲಿಗೆ ಮೂರು.

ನವೆಂಬರ್

ಅಪ್ಪನ ರೇಟು ಪುಟ ಮುಚ್ಚಿತು. 100 ಕ್ವಿಂಟಲ್ 29,000ಕ್ಕೆ ಹೋಯಿತು. ಕೊಂಡ ಬೆಲೆಯಲ್ಲಿ 3,000 ಕಡಿಮೆ. ಸಾಮಾನ್ಯವಾಗಿ ನಮ್ಮಲ್ಲಿ ಲೆಕ್ಕ ಅಲ್ಲಿಗೇ ನಿಲ್ಲುತ್ತದೆ, "ಈ ಸಲ 3 ಲಕ್ಷ ಹೋತು" ಅಂತ. ನಾನು ಎಂಟು ತಿಂಗಳ ಬಡ್ಡಿ ಸೇರಿಸಿದೆ. ನೂರಕ್ಕೆ ತಿಂಗಳಿಗೆ 1 ರೂಪಾಯಿ ಹಿಡಿದರೆ ಕ್ವಿಂಟಲ್‌ಗೆ 2,560. ಕೋಲ್ಡ್ ಸ್ಟೋರೇಜ್ ಬಾಡಿಗೆ, ಹಮಾಲಿ 740. ಒಟ್ಟು ನಷ್ಟ 6 ಲಕ್ಷ 30 ಸಾವಿರ. ಬೇರೆ ಮಾತಲ್ಲಿ, ರೇಟು 35,300 ದಾಟಿದ್ದರೆ ಮಾತ್ರ ಒಂದು ರೂಪಾಯಿಯಾದರೂ ಉಳಿಯುತ್ತಿತ್ತು. ಈ ಅಂಕಿ ಕೊಳ್ಳುವ ದಿನವೇ ಗೊತ್ತಾಗುವಂಥದ್ದು, ಆದರೆ ಅಂದು ಯಾರೂ ಬರೆದಿರಲಿಲ್ಲ.

ಅವತ್ತು ಅಪ್ಪ ಊಟ ಮಾಡದೆ ಎದ್ದರು. ತೋರಿಸುವ ಹೊತ್ತು ನಾನು ಸರಿಯಾಗಿ ಆರಿಸಲಿಲ್ಲ.

ಜನವರಿ 2025

ಸೋಮವಾರ, ಗುರುವಾರ ಮಾರುಕಟ್ಟೆ. ಎರಡನೇ ಗುರುವಾರ ಆವಕ ಜೋರಿತ್ತು. ಅಣ್ಣ ನನ್ನ ಖಾತೆಯಿಂದ 3 ಲಕ್ಷ ತೆಗೆದ. "ಎಂಟು ದಿನ ಅಷ್ಟ" ಅಂದ. ಬಂದದ್ದು 23 ದಿನಕ್ಕೆ. ಅಷ್ಟರಲ್ಲಿ ಮಸಾಲೆ ಕಂಪನಿಯ ಆರ್ಡರು ಒಂಬತ್ತು ದಿನ ತಡವಾಯಿತು, ನಾಲ್ಕು ಸಲ ಫೋನ್ ಮಾಡಿ ಕ್ಷಮೆ ಕೇಳಿದ್ದು ನಾನು. ಬೇರೆ ಬ್ಯಾಂಕ್ ಖಾತೆ ಇದ್ದರೆ ಸಾಕು ಅಂದುಕೊಂಡಿದ್ದೆ. ಚೆಕ್ ಬುಕ್ ಒಂದೇ ಕಪಾಟಿನಲ್ಲಿತ್ತು!

ತೆಗೆಯಲೇಬಾರದು ಅಂದರೆ ಯಾರೂ ಕೇಳುವುದಿಲ್ಲ, ಸೀಸನ್ನಿನಲ್ಲಿ ಅದು ಸರಿಯೂ ಅಲ್ಲ. ಹಾಗಾಗಿ ಕೈಗಡ ಅಂತ ಬರೆದು, ತಾರೀಕು ಹಾಕಿ, ಬಡ್ಡಿ ಹಿಡಿದು ತೆಗೆಯುವುದು ಅಂತ ಮಾಡಿಕೊಂಡೆವು. ಆಮೇಲೆ ಒಂದೇ ಸಲ ತೆಗೆದದ್ದು, ಹೇಳಿದ ದಿನಕ್ಕೆ ಬಂತು.

ಫೆಬ್ರವರಿ

ನಾಡಿದ್ದಿನ ಖಾತೆ ಚಿಕ್ಕದು. ಇಲ್ಲಿ ಲಾಭ ಕೇಳುವಂತಿಲ್ಲ, ಒಂದು ಪ್ರಶ್ನೆಗೆ ಉತ್ತರ ಕೇಳಬೇಕು. ನಮ್ಮ ಪ್ರಶ್ನೆ: ನುಸಿ ಬಂದ ವರ್ಷವೂ ಔಷಧಿ ಉಳಿಕೆ ಇಲ್ಲದ ಕಾಯಿ ನಮ್ಮ ರೈತರಿಂದ ಸಿಗುತ್ತಾ? 2021ರಲ್ಲಿ ಕಪ್ಪು ಥ್ರಿಪ್ಸ್ ನುಸಿ ಮೆಣಸಿನ ಹೊಲಗಳನ್ನು ಹೇಗೆ ತಿಂದಿತ್ತು ಅಂತ ಎಲ್ಲರಿಗೂ ನೆನಪಿದೆ.

ಕುಂದಗೋಳ ಕಡೆಯ ನಾಲ್ವರು ತಲಾ ಒಂದು ಎಕರೆ ಕೊಟ್ಟಿದ್ದರು. ನೀಲಿ ಅಂಟುಹಾಳೆ, ಬೇವಿನೆಣ್ಣೆ, ಲ್ಯಾಬ್ ಖರ್ಚು ನಮ್ಮದು. ಹೂ ಬಿಡುವಾಗ ನುಸಿ ಕಂಡ ಕೂಡಲೇ ಇಬ್ಬರು ಔಷಧಿ ಹೊಡೆದರು. ಒಬ್ಬರು ಮುಚ್ಚಿಡದೆ ಹೇಳಿದರು, "ಬೆಳಿ ಹ್ವಾದ್ರ ನಿಮ್ಮ ರಿಪೋರ್ಟು ಹೊಟ್ಟಿಗೆ ಬರತೈತೇನ್ರೀ?" ಉಳಿದ ಇಬ್ಬರ ಕಾಯಲ್ಲಿ ಒಂದು ಪಾಸಾಯಿತು, ಇನ್ನೊಂದು ಫೇಲು. ಫೇಲಾದದ್ದರ ಕಾರಣ ಪಕ್ಕದ ಹೊಲದ ಗಾಳಿಯೋ, ಚೀಲವೋ ತಿಳಿಯಲಿಲ್ಲ.

1 ಲಕ್ಷ 40 ಸಾವಿರ ಖರ್ಚಾಯಿತು. ಉತ್ತರ ಸಿಕ್ಕಿತು: ಬೆಳೆ ಹೋದರೆ ತುಂಬಿಕೊಡುವ ಮಾತಿಲ್ಲದೆ ಆಗುವುದಿಲ್ಲ. ಅಷ್ಟು ಭರಿಸುವ ಶಕ್ತಿ ನಮಗಿಲ್ಲ. ಒಪ್ಪಿಕೊಂಡಿದ್ದ ತಾರೀಕಿಗೇ ನಿಲ್ಲಿಸಿದೆವು. ಬೀಜದ ಕಡೆಯಿಂದ ಇನ್ನೊಂದು ಪ್ರಶ್ನೆ ಇದೆ, ಮುಂದಿನ ಮುಂಗಾರಿಗೆ ನೋಡಬೇಕು.

ಯುಗಾದಿ

ಹೊಸ ಕಿರ್ದಿ ಪೂಜೆಯಾಯಿತು. ಅಪ್ಪ ಈ ಸಲವೂ ಹೆಸರಿಲ್ಲದ ಮಾಲು ಇಟ್ಟಿದ್ದಾರೆ, 30 ಕ್ವಿಂಟಲ್, 27,000ದಂತೆ. ಪುಟದ ತಲೆಬರಹ ಅವರದೇ ಕೈಬರಹ. ಕೆಳಗೆ "29,400ರ ಮ್ಯಾಲೆ ಲಾಭ, 24,000 ಆದ್ರ ಅಥವಾ ದಸರಾ ಬಂದ್ರ ಮಾರೂದು" ಅಂತ ಬರೆದಿದ್ದಾರೆ. ದಸರಾಕ್ಕೆ ಮಾರುತ್ತಾರೋ ಇಲ್ಲವೋ ನೋಡಬೇಕು, ನನಗಂತೂ ಅನುಮಾನ.

ಬಗೆಹರಿಯದೆ ಉಳಿದದ್ದು ಕಾಕಾನ 9 ಲಕ್ಷ. ಉದ್ರಿಯಲ್ಲಿ ಎರಡು ವರ್ಷ ದಾಟಿದ್ದು, ಹಳೆಯ ಗಿರಾಕಿಗಳದ್ದು. ಅದು ಇವತ್ತಿನದು ಅಂತ ಕಾಕಾ ಹೇಳುತ್ತಾರೆ. ನಾನು ಮೂರೂ ಖಾತೆಯಿಂದ ಹೊರಗೆ, ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.