ಈಡಿಪಸ್ ಪ್ರಬಂಧ: ಮೂರನೇ ಕಾಲಂ ಸೇರಿಸಿದ ಮೇಲೆ

ನಾಟಕೀಯ ವ್ಯಂಗ್ಯ ನಮ್ಮಲ್ಲಿ ಮರುಕ ಹೇಗೆ ಹುಟ್ಟಿಸುತ್ತದೆ ಅಂತ ಬರೆಯುತ್ತಿರುವ ಪ್ರಬಂಧ ಈಗ ಅರ್ಧದಷ್ಟಾಗಿದೆ. ಹೊಸದಾಗಿ ಓದುವವರಿಗೆ ಹೇಳುವುದಾದರೆ, ಧಾರವಾಡದಲ್ಲಿ ನಾವು ಕೆಲವು ಗೆಳೆಯರು ರವಿವಾರ ಸಂಜೆ ಸೇರಿ ನಾಟಕ ಓದುತ್ತೇವೆ. ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವುದು, ನಡುವೆ ಚಹಾ, ಆಮೇಲೆ ವಾದ. ಈ ಸಲ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ನಾಟಕ ಹಿಡಿದಿದ್ದೆವು. ದೊರೆ ಈಡಿಪಸ್ ಹಿಂದಿನ ದೊರೆ ಲಾಯಸ್‌ನ ಕೊಲೆಗಾರನನ್ನು ಹುಡುಕುತ್ತಾನೆ. ಕೊಲೆಗಾರ ತಾನೇ, ಸತ್ತವನು ತನ್ನ ತಂದೆ, ಕಟ್ಟಿಕೊಂಡವಳು ತಾಯಿ. ಇದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ನಾಟಕೀಯ ವ್ಯಂಗ್ಯ ಅಂದಕೂಡಲೇ ಎಲ್ಲರೂ ಕೊಡುವ ಉದಾಹರಣೆ ಇದೇ.

‘ನಮಗೆ ಗೊತ್ತಿರುವುದರಿಂದ ಅವನ ಮೇಲೆ ಮರುಕ ಹುಟ್ಟುತ್ತದೆ’ ಎಂಬ ವಾಕ್ಯ ಪರೀಕ್ಷೆಯ ಗೈಡುಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ನಮ್ಮ ಕಡೆಯ ಕಂಪನಿ ನಾಟಕ ನೋಡಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಮಾವ ಬಾಗಿಲ ಹಿಂದೆ ನಿಂತು ಕೇಳುತ್ತಿರುತ್ತಾನೆ, ಅಳಿಯ ಅವನನ್ನೇ ಬೈಯುತ್ತಿರುತ್ತಾನೆ. ಅಲ್ಲೂ ನಮಗೆ ಗೊತ್ತು, ಅಳಿಯನಿಗೆ ಗೊತ್ತಿಲ್ಲ. ಆದರೆ ಜನ ಬಿದ್ದು ಬಿದ್ದು ನಗುತ್ತಾರೆ. ಅಂದಮೇಲೆ ಬರೀ ಗೊತ್ತಿರುವ, ಗೊತ್ತಿಲ್ಲದ ಅಂತರವೇ ಮರುಕ ಹುಟ್ಟಿಸುವುದಿಲ್ಲ. ಬೇರೆ ಏನೋ ಸೇರಬೇಕು.

ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿಕೊಂಡಿದ್ದೇನೆ. ಒಂದರಲ್ಲಿ ನಮಗೆ ಗೊತ್ತಿರುವುದು, ಎರಡರಲ್ಲಿ ಅವನಿಗೆ ಗೊತ್ತಿರುವುದು. ಮೂರನೆಯದು ಈ ಸಲ ಸೇರಿಸಿದ್ದು: ಆ ಹೊತ್ತಿಗೆ ಅವನು ಏನು ಮಾಡಲು ಹೊರಟಿದ್ದಾನೆ, ಯಾರಿಗಾಗಿ? ಪ್ರಬಂಧದ ಜೀವ ಈ ಮೂರನೇ ಕಾಲಮಿನಲ್ಲೇ ಇದೆ ಅಂತ ನನಗೆ ಅನ್ನಿಸುತ್ತಿದೆ.

ಮೊದಲು ಶಾಪದ ಭಾಗ ತೆಗೆದುಕೊಂಡೆ. ಅವನು ಆಳುವ ಥೀಬ್ಸ್‌ನಲ್ಲಿ ಪಿಡುಗು ಬಂದು ಜನ ಸಾಯುತ್ತಿದ್ದಾರೆ. ಕೊಲೆಗಾರನನ್ನು ಹೊರಗೆ ಹಾಕಿದರೆ ಪಿಡುಗು ಹೋಗುತ್ತದೆ ಅಂತ ದೇವರ ಅಪ್ಪಣೆ ಬಂದಿದೆ. ಈಡಿಪಸ್ ಎಲ್ಲರೆದುರು ಕೊಲೆಗಾರನನ್ನು ಶಪಿಸುತ್ತಾನೆ. ಶಪಿಸಿ ಸುಮ್ಮನಾಗುವುದಿಲ್ಲ. ಗೊತ್ತಿದ್ದೂ ನನ್ನ ಮನೆಯಲ್ಲೇ ಅವನನ್ನು ಇಟ್ಟುಕೊಂಡಿದ್ದರೆ ಇದೇ ಶಾಪ ನನಗೂ ತಟ್ಟಲಿ ಅನ್ನುತ್ತಾನೆ. ಮುಂದೆ, ಲಾಯಸ್‌ನ ಪಟ್ಟ ನನಗೆ ಬಂತು, ಅವನ ಹೆಂಡತಿ ನನ್ನ ಹೆಂಡತಿಯಾದಳು, ಹಾಗಾಗಿ ಸ್ವಂತ ತಂದೆಗಾಗಿ ಹೋರಾಡುವ ಹಾಗೆ ಅವನಿಗಾಗಿ ಹೋರಾಡುತ್ತೇನೆ ಅಂತ ಸೇರಿಸುತ್ತಾನೆ. ‘ತಂದೆ’ ಅಂತ ಬಂದಾಗ ಓದುತ್ತಿದ್ದ ಗೆಳೆಯ ತಾನೇ ಒಂದು ಕ್ಷಣ ತಡೆದ.

ಮೂರನೇ ಕಾಲಮಿನಲ್ಲಿ ಬರೆದದ್ದು ಇಷ್ಟು: ತನ್ನ ಮನೆಯನ್ನೂ ಶಾಪದೊಳಗೆ ಸೇರಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಊರಿಗೆ ಒಂದು ನ್ಯಾಯ, ಅರಮನೆಗೆ ಒಂದು ನ್ಯಾಯ ಆಗಬಾರದು ಅಂತ ತಾನಾಗಿಯೇ ಸೇರಿಸಿದ.

ಈಗ ಒಂದು ಪರೀಕ್ಷೆ. ಅವನು ಇದೇ ಶಾಪ ಹಾಕಿ, ‘ನನ್ನ ಮನೆಯವರನ್ನು ಬಿಟ್ಟು’ ಅಂದಿದ್ದರೆ? ನಮಗೆ ಗೊತ್ತಿರುವುದು ಅಷ್ಟೇ ಇರುತ್ತಿತ್ತು, ಅವನಿಗೆ ಗೊತ್ತಿಲ್ಲದ್ದೂ ಅಷ್ಟೇ. ಆದರೆ ನಾವು ‘ತಕ್ಕ ಶಾಸ್ತಿ’ ಅನ್ನುತ್ತಿದ್ದೆವು. ಅಂತರ ಬದಲಾಗದೆ ಭಾವನೆ ಮಾತ್ರ ಬದಲಾಯಿತು, ಅಲ್ವಾ? ಹಾಗಾಗಿ ಪ್ರಬಂಧದ ವಾಕ್ಯವನ್ನು ಹೀಗೆ ಬರೆದಿದ್ದೇನೆ: ‘ಈಡಿಪಸ್‌ನನ್ನು ಕೆಡವುವುದು ಅವನ ನ್ಯಾಯಬುದ್ಧಿಯೇ, ಅದು ಅವನ ಕಣ್ಣೆದುರೇ ಆಗುತ್ತಿದ್ದರೂ ವ್ಯಂಗ್ಯ ಅದನ್ನು ಅವನಿಗಿಂತ ಮೊದಲು ನಮಗೆ ಕಾಣಿಸುತ್ತದೆ.’ ಇಂಥ ವಾಕ್ಯವನ್ನು ಒಬ್ಬರು ಅಲ್ಲಗಳೆಯಬಹುದು. ಅಲ್ಲಗಳೆಯಲು ಬರುವಂಥದ್ದಾದರೆ ಮಾತ್ರ ಅದು ವಾದ.

ನಾನು ಊಹಿಸಿಕೊಂಡ ಪರೀಕ್ಷೆಯನ್ನು ನಾಟಕವೇ ಮಾಡಿ ತೋರಿಸುತ್ತದೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ‘ನೀನು ಹುಡುಕುವ ಕೊಲೆಗಾರ ನೀನೇ’ ಅಂತ ನೇರವಾಗಿ ಹೇಳಿಬಿಡುತ್ತಾನೆ. ಈಡಿಪಸ್ ಅವನ ಕುರುಡುತನವನ್ನೇ ಹಂಗಿಸುತ್ತಾನೆ. ಭಾವಮೈದುನ ಕ್ರಿಯಾನ್ ಮೇಲೆ ಪಿತೂರಿ ಹೊರಿಸಿ, ಗಡೀಪಾರು ಸಾಲದು, ಸಾವೇ ಬೇಕು ಅನ್ನುತ್ತಾನೆ. ಇಲ್ಲಿ ವ್ಯಂಗ್ಯ ಇನ್ನೂ ಚೂಪಾಗಿದೆ. ಕಣ್ಣಿದ್ದವನು ಕುರುಡನನ್ನು ಕುರುಡ ಅನ್ನುತ್ತಿದ್ದಾನೆ. ಆದರೆ ಮರುಕ ಇಳಿಯುತ್ತದೆ. ಕ್ರಿಯಾನ್ ಓದುತ್ತಿದ್ದ ಕಾಕಾ ಪುಸ್ತಕ ಕೆಳಗಿಟ್ಟು, ‘ಇಂವಗ ಹಿಂಗs ಆಗಬೇಕ ನೋಡ್ರಿ’ ಅಂದರು. ವ್ಯಂಗ್ಯ ಹೆಚ್ಚಾದರೆ ಸಹಾನುಭೂತಿಯೂ ಹೆಚ್ಚುತ್ತದೆ ಅನ್ನುವವರಿಗೆ ಈ ದೃಶ್ಯವೇ ಉತ್ತರ. ಇದನ್ನು ಪ್ರಬಂಧದಿಂದ ಬಿಟ್ಟರೆ ವಾದ ನುಣ್ಣಗೆ ಕಾಣುತ್ತದೆ, ಆದರೆ ಗಟ್ಟಿಯಾಗುವುದಿಲ್ಲ.

ಇನ್ನೊಂದು ತೊಡಕು ನಮ್ಮ ಗುಂಪಿನ ವೈನಿಯವರಿಂದ ಬಂತು. ಅವರಿಗೆ ಈ ಕಥೆ ಗೊತ್ತೇ ಇರಲಿಲ್ಲ. ‘ಶಾಪದಾಗ ನನಗೇನೂ ಅನಿಸಲಿಲ್ರಿ. ಛಲೋ ರಾಜಾ ಅಂದ್ಕೊಂಡೆ, ಅಷ್ಟs’ ಅಂದರು. ಈ ನಾಟಕವನ್ನು ಮೊದಲು ನೋಡಿದ ಅಥೆನ್ಸಿನ ಜನರಿಗೆ ಕಥೆ ಮೊದಲೇ ಗೊತ್ತಿತ್ತು. ಹೋಮರ್‌ನ ಒಡಿಸ್ಸಿಯಲ್ಲೇ ಇದರ ಪ್ರಸ್ತಾಪ ಇದೆ. ವೈನಿಯವರಿಗೆ ಗೊತ್ತಾಗುವುದು ಟೈರೀಸಿಯಸ್ ಬಂದ ಮೇಲೆ, ಅದೂ ಅರೆನಂಬಿಕೆಯಿಂದ. ಅಂದರೆ ‘ಪ್ರೇಕ್ಷಕ’ ಅಂತ ಬರೆಯುವಾಗ ಯಾವ ಪ್ರೇಕ್ಷಕ ಅಂತ ಹೇಳಲೇಬೇಕು. ಕಥೆ ಗೊತ್ತಿದ್ದವರು ಶಾಪ ಕೇಳುವಾಗಲೇ ನಡುಗುತ್ತಾರೆ. ಗೊತ್ತಿಲ್ಲದವರು ಮೊದಲು ಒಳ್ಳೆಯ ದೊರೆಯನ್ನು ಮೆಚ್ಚುತ್ತಾರೆ, ಆಮೇಲೆ ಹಿಂದಿರುಗಿ ನೋಡಿ ನಡುಗುತ್ತಾರೆ. ನನಗೆ ಎರಡನೆಯವರೇ ಜಾಸ್ತಿ ಕುತೂಹಲ ಹುಟ್ಟಿಸಿದರು. ಮೂರನೇ ಕಾಲಮನ್ನು ಅವರು ಯಾವ ವ್ಯಂಗ್ಯದ ಸಹಾಯವೂ ಇಲ್ಲದೆ ಮೊದಲೇ ತುಂಬಿಕೊಂಡಿರುತ್ತಾರೆ.

ಈ ವಾರ ಹೆಚ್ಚು ಹೊತ್ತು ಹಿಡಿದದ್ದು ಈಡಿಪಸ್ ಕಟ್ಟಿಕೊಂಡ ತಾಯಿ ಯೊಕಾಸ್ತಾಳ ದೃಶ್ಯ. ಕೊರಿಂಥ್‌ನಿಂದ ಬಂದ ದೂತ, ಮಗುವಾಗಿದ್ದಾಗ ನಿನ್ನ ಕಾಲಿನ ಗೆಣ್ಣಿಗೆ ತೂತು ಕೊರೆದಿದ್ದರು ಅಂತ ಈಡಿಪಸ್‌ಗೆ ಹೇಳುತ್ತಾನೆ. ತನ್ನ ಕೂಸಿನ ಗೆಣ್ಣುಗಳನ್ನು ಆಗಿನ ಗಂಡ ಲಾಯಸ್ ಬಿಗಿಸಿ ಬೆಟ್ಟಕ್ಕೆ ಹಾಕಿಸಿದ್ದನ್ನು ಯೊಕಾಸ್ತಾ ಆಗಲೇ ಹೇಳಿದ್ದಳು. ಅವಳಿಗೆ ಯಾವ ಸಾಲಿನಲ್ಲಿ ಗೊತ್ತಾಯಿತು ಅಂತ ನಾಟಕ ಹೇಳುವುದಿಲ್ಲ. ಗಂಡಸರಿಬ್ಬರೂ ಮಾತಾಡುತ್ತಲೇ ಇರುತ್ತಾರೆ, ಅವಳು ಸುಮ್ಮನಿರುತ್ತಾಳೆ. ಪುಸ್ತಕ ಓದುವಾಗ ಅವಳು ಅಲ್ಲಿರುವುದೇ ಮರೆತುಹೋಗುತ್ತದೆ. ಗಟ್ಟಿಯಾಗಿ ಓದುವಾಗ ಎಲ್ಲರ ಕಣ್ಣು ಅವಳ ಪಾತ್ರ ಓದುತ್ತಿದ್ದವರ ಮೇಲೇ ಇತ್ತು.

ನಮ್ಮ ಗುಟ್ಟು ಈಗ ಅವಳಿಗೂ ಗೊತ್ತು. ಜೀವದ ಮೇಲೆ ಆಸೆ ಇದ್ದರೆ ಇದನ್ನು ಕೆದಕಬೇಡ ಅಂತ ಬೇಡಿಕೊಳ್ಳುತ್ತಾಳೆ. ಅವನೋ, ತಾನು ಕೀಳು ಕುಲದವನೆಂದು ತಿಳಿದರೆ ಇವಳಿಗೆ ನಾಚಿಕೆ ಅಂದುಕೊಳ್ಳುತ್ತಾನೆ. ನಾನು ಅದೃಷ್ಟದ ಮಗ ಅಂತ ಬೀಗುತ್ತಾನೆ. ಇಲ್ಲಿಯವರೆಗೆ ಅವನಿಗೆ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಈಗ ಅವಳ ಜೊತೆ ಸೇರಿ, ಕೆದಕಬೇಡ ಅನ್ನುತ್ತೇವೆ. ಸಹಾನುಭೂತಿ ದಿಕ್ಕು ಬದಲಿಸುವುದು ಇಲ್ಲೇ ಅಂತ ಪ್ರಬಂಧದಲ್ಲಿ ಹಾಕಿದ್ದೇನೆ.

ಆಮೇಲೆ ಬರುವವನು, ಆ ಕೂಸನ್ನು ಬೆಟ್ಟಕ್ಕೆ ಒಯ್ದಿದ್ದ ಮುದಿ ಕುರುಬ, ಭಯಂಕರವಾದದ್ದನ್ನು ಹೇಳುವ ಅಂಚಿನಲ್ಲಿದ್ದೇನೆ ಅನ್ನುತ್ತಾನೆ. ನಾನು ಕೇಳುವ ಅಂಚಿನಲ್ಲಿ, ಆದರೂ ಕೇಳಲೇಬೇಕು ಅನ್ನುತ್ತಾನೆ ಈಡಿಪಸ್. ಆ ಹೊತ್ತಿಗೆ ಅವನಿಗೂ ಬಹುತೇಕ ಗೊತ್ತಾಗಿದೆ. ಅಂತರ ಮುಚ್ಚುತ್ತಿರುವಾಗಲೂ ಅವನು ಹಿಂದೆ ಸರಿಯುವುದಿಲ್ಲ. ಇದನ್ನು ಕನಿಕರ ಅನ್ನಲು ನನಗೆ ಮನಸ್ಸಿಲ್ಲ, ಗೌರವ ಅಂತ ಬರೆದಿದ್ದೇನೆ. ಕಾಕಾ ಇದನ್ನು ಒಪ್ಪಿಲ್ಲ. ಹಟಮಾರಿತನಕ್ಕೆ ಗೌರವ ಯಾಕೆ ಅನ್ನುವುದು ಅವರ ವಾದ. ಅದನ್ನೂ ಪ್ರಬಂಧದಲ್ಲಿ ಸೇರಿಸುತ್ತೇನೆ.

ಉಳಿದಿರುವುದು ಕೊನೆಯ ಭಾಗ. ಈಡಿಪಸ್ ತನ್ನ ಕಣ್ಣು ತಾನೇ ಚುಚ್ಚಿಕೊಂಡ ಮೇಲೆ ಯಾರಿಗೂ ಗೊತ್ತಿಲ್ಲದ್ದು ಏನೂ ಇಲ್ಲ. ವ್ಯಂಗ್ಯ ಮುಗಿದಿದೆ. ಆದರೂ ಹೆಣ್ಣುಮಕ್ಕಳನ್ನು ತಡವಿಕೊಂಡು ಅವನು ಮಾತಾಡುವಾಗ ಓದುವ ಗುಂಪಿನಲ್ಲಿ ಯಾರೂ ಅಲುಗಾಡಲಿಲ್ಲ. ಅಲ್ಲಿನ ಮರುಕಕ್ಕೆ ವ್ಯಂಗ್ಯದ ಲೆಕ್ಕ ಹಚ್ಚಲು ಬರುವುದಿಲ್ಲ. ಆ ಪುಟಕ್ಕೆ ಮೊದಲೆರಡು ಕಾಲಂ ಖಾಲಿ ಬಿಟ್ಟು, ಮೂರನೆಯದನ್ನು ಮಾತ್ರ ತುಂಬಿ ನೋಡುತ್ತೇನೆ. ಮುಂದಿನ ರವಿವಾರ ಓದು ಹುಬ್ಬಳ್ಳಿಯಲ್ಲಿ, ವೈನಿಯವರ ತಂಗಿ ಮನೆಯಲ್ಲಿ. ಅವರಿಗೂ ಕಥೆ ಗೊತ್ತಿಲ್ಲವಂತೆ. ಯಾರೂ ಮೊದಲೇ ಹೇಳಬೇಡಿ ಅಂತ ಎಲ್ಲರಿಗೂ ತಾಕೀತು ಮಾಡಿದ್ದೇನೆ.